ಅಜ್ಜಿಗೆ, ಆ ಸ್ಟಿಕ್ಕರ್‌ನ ವಿಷಯವಾಗಿ

ಗುರುವಾರ, ಫೆಬ್ರವರಿ 6, 2025

ಪ್ರೀತಿಯ ಅಜ್ಜಿಗೆ ನಿನ್ನ ಮೊಮ್ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ನಿನಗೆ ನಮ್ಮ ಮೇಲೆ ಕೋಪ ಬಂದಿದೆ. ಒಂಬತ್ತು ದಿನಗಳಿಂದ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಿನ್ನದೊಂದು ಅಕ್ಷರವಿಲ್ಲ, ಬೆಳಗಿನ ಹೂವಿನ ಚಿತ್ರವೂ ಇಲ್ಲ. ಆದರೆ ನಾನು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಯಾರು ಯಾರು ಓದಿದರು ಎಂದು ನೋಡಿದರೆ ಮೊದಲ ಹೆಸರು ನಿನ್ನದೇ ಇರುತ್ತದೆ. ಓದಿ ಸುಮ್ಮನಿದ್ದೀಯ. ನೀನು ಸುಮ್ಮನಿದ್ದರೆ ಏನರ್ಥ ಎಂಬುದು ಈ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು.

ಭಾನುವಾರ ಫೋನಿನಲ್ಲಿ ನೀನು ಕೇಳಿದೆ: "ಆ ಚಿತ್ರದಲ್ಲಿ ನಗುವಂಥದ್ದು ಏನಿದೆ?" ನಾನು "ಏನಿಲ್ಲ ಅಜ್ಜಿ, ಸುಮ್ಮನೆ" ಎಂದೆ. ಅದು ಸುಳ್ಳು. ಇದನ್ನು ಗುಂಪಿನಲ್ಲಿ ಬರೆದರೆ ಹದಿನಾಲ್ಕು ಜನರೂ ಬಾಯಿ ಹಾಕುತ್ತಾರೆ, ಫೋನಿನಲ್ಲಿ ಹೇಳಲು ಹೋದರೆ ನನಗೇ ನಗು ಬಂದು ಎಲ್ಲ ಕೆಡುತ್ತದೆ. ಅದಕ್ಕೇ ಕಾಗದ, ಪೆನ್ನು.

ಮೊದಲು ಕಷ್ಟದ ಸಂಗತಿಯನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ಆ ಸ್ಟಿಕ್ಕರ್ ನೋಡಿ ನೀನು ನನ್ನನ್ನು ಕೇಳಿದ್ದೆ, "ಯಾರದು ಆ ಮುದುಕಿ? ಮುಖದಲ್ಲಿ ಒಂದು ಚೂರೂ ನಗುವಿಲ್ಲ." ಅಜ್ಜಿ, ಆ ಮುದುಕಿ ನೀನೇ.

ನಿನಗೆ ಗುರುತು ಸಿಗದಿದ್ದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿರುವುದು ಅರ್ಧ ಹಣೆ, ಜಾರಿದ ಕನ್ನಡಕದ ಮೇಲಿಂದ ಇಣುಕುವ ಒಂದೇ ಕಣ್ಣು, ಇದ್ದದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಕಾಣುವ ಮೂಗು, ಪಕ್ಕದಲ್ಲಿ ಎತ್ತಿದ ತೋರುಬೆರಳು. ಫೋನನ್ನು ಮುಖಕ್ಕೆ ಅಷ್ಟು ಹತ್ತಿರ ಹಿಡಿದರೆ ಯಾರ ಮೂಗಾದರೂ ಹಾಗೆಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಾದದ್ದು ದೊಡ್ಡದು, ಹಿಂದೆ ಸರಿದದ್ದು ಸಣ್ಣದು. ನಿನ್ನ ಮೂಗಿನದೇನೂ ತಪ್ಪಿಲ್ಲ.

ಅದು ಎಲ್ಲಿಂದ ಬಂತೆಂದು ಹೇಳುತ್ತೇನೆ, ಕೇಳು. ಎರಡು ವರ್ಷಗಳ ಹಿಂದೆ ಅತ್ತೆ ರೈಲಿನಿಂದ ಇಳಿದು ಎರಡು ಚೀಲ ಹಿಡಿದುಕೊಂಡು ನಿಲ್ದಾಣದ ಹೊರಗೆ ನಿಂತಿದ್ದರು. ಕರೆತರಬೇಕಾದವರು ದೊಡ್ಡಪ್ಪ. "ಹೊರಟೆ, ದಾರಿಯಲ್ಲಿದ್ದೇನೆ, ಇನ್ನು ಐದೇ ನಿಮಿಷ" ಎಂದು ಅವರು ಗುಂಪಿನಲ್ಲಿ ಬರೆದು ಮುಕ್ಕಾಲು ಗಂಟೆಯಾಗಿತ್ತು. ಅತ್ತೆ ಸಿಟ್ಟಿನಿಂದ ಎಲ್ಲರನ್ನೂ ಸೇರಿಸಿ ವಿಡಿಯೊ ಕರೆ ಮಾಡಿದರು. ನಾವೆಲ್ಲ ಪುಟ್ಟ ಪುಟ್ಟ ಚೌಕಗಳಲ್ಲಿ ಕಾಣಿಸಿಕೊಂಡೆವು. ದೊಡ್ಡಪ್ಪ ಅದೇ ಗಂಭೀರ ಮುಖ ಮಾಡಿ "ದಾರಿಯಲ್ಲಿದ್ದೇನೆ ಕಣಮ್ಮ, ವಿಪರೀತ ವಾಹನಗಳು" ಎಂದರು. ಯಾರೂ ಏನೂ ಹೇಳಲಿಲ್ಲ. ಆಗ ನೀನು ಕನ್ನಡಕ ಸರಿಮಾಡಿಕೊಂಡು, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬೆರಳೆತ್ತಿ ಕೇಳಿದೆ:

"ರಸ್ತೆಯ ಮಧ್ಯದಲ್ಲಿ ಗೋಡೆ ಗಡಿಯಾರವನ್ನು ಯಾವಾಗ ನೇತುಹಾಕಿದರು?"

ದೊಡ್ಡಪ್ಪನ ತಲೆಯ ಹಿಂದೆ ಗಡಿಯಾರವಿತ್ತು. ಹದಿನಾಲ್ಕು ಜನರಲ್ಲಿ ಅದನ್ನು ಕಂಡವಳು ನೀನೊಬ್ಬಳೇ, ಅದೂ ಒಂದು ಕಣ್ಣಿನಲ್ಲಿ.

ಇಲ್ಲಿಯವರೆಗಿನದು ನಿನಗೂ ನೆನಪಿರಬಹುದು. ಮುಂದಿನದು ನಿನಗೆ ಗೊತ್ತಿಲ್ಲ. ಚಿತ್ರವನ್ನು ದೊಡ್ಡದು ಮಾಡಲು ಹೋಗಿ ನೀನು ಕೆಂಪು ಗುಂಡಿಯನ್ನು ಒತ್ತಿಬಿಟ್ಟೆ. ನಿನ್ನ ಚೌಕ ಮಾಯವಾಯಿತು. ಕರೆ ತಾನಾಗಿಯೇ ಕಡಿದುಹೋಯಿತೆಂದು ನೀನು ಫೋನನ್ನು ಪಕ್ಕಕ್ಕಿಟ್ಟಿರಬೇಕು. ನಮಗೆ ಮಾತ್ರ, ತೀರ್ಪು ಕೊಟ್ಟ ನ್ಯಾಯಾಧೀಶರು ಎದ್ದು ಹೋದಂತೆ ಕಂಡಿತು. ಆಮೇಲೆ ನಾವು ನಕ್ಕ ನಗು! ಅಪ್ಪ ಕುರ್ಚಿಯಿಂದ ಜಾರಿದರು. ನಿಲ್ದಾಣದಲ್ಲಿ ಒಬ್ಬರೇ ನಿಂತಿದ್ದ ಅತ್ತೆ ಚೀಲಗಳನ್ನು ನೆಲಕ್ಕಿಟ್ಟು ನಕ್ಕರು. ಕೊನೆಗೆ ದೊಡ್ಡಪ್ಪನೂ ನಕ್ಕರು, ತಲೆಯ ಹಿಂದಿನ ಗಡಿಯಾರವನ್ನು ಕೈಯಿಂದ ಮರೆಮಾಡಲು ನೋಡುತ್ತ. ಆ ನಗುವನ್ನು ಎಬ್ಬಿಸಿದವಳು ನೀನು. ಅದನ್ನು ಕೇಳದವಳೂ ನೀನೊಬ್ಬಳೇ. ಈ ಎರಡು ವರ್ಷಗಳಲ್ಲಿ ನಮ್ಮಲ್ಲೊಬ್ಬರಿಗೂ ಅದನ್ನು ನಿನಗೆ ಹೇಳಬೇಕೆಂದು ತೋಚಲಿಲ್ಲ. ಕೋಪ ಮಾಡಿಕೊಳ್ಳುವುದಾದರೆ ಅದಕ್ಕೆ ಮಾಡಿಕೊ.

ಎಲ್ಲರೂ ಒಟ್ಟಿಗೆ ಕಾಣುತ್ತಿದ್ದೇವೆ ಎಂದು ನಾನು ಆ ಹೊತ್ತಿನಲ್ಲಿ ಪರದೆಯ ಚಿತ್ರ ತೆಗೆದಿದ್ದೆ. ತಮ್ಮ ಅದರಿಂದ ನಿನ್ನ ಚೌಕವನ್ನು ಕತ್ತರಿಸಿ ಸ್ಟಿಕ್ಕರ್ ಮಾಡಿದ. ಅದೇನೂ ದೊಡ್ಡ ವಿದ್ಯೆಯಲ್ಲ. ವಾಟ್ಸಾಪ್‌ಗೆ ಸ್ಟಿಕ್ಕರ್‌ಗಳು ಬಂದದ್ದು 2018ರಲ್ಲಿ. ಅಂಗಡಿಯ ಸರಕಿನಂತೆ ಸಿದ್ಧವಾಗಿ ಬಂದವುಗಳ ಜೊತೆಗೆ ನಮ್ಮದೇ ಚಿತ್ರಗಳಿಂದಲೂ ಮಾಡಿಕೊಳ್ಳಬಹುದು. ಹಿಂದಿನ ಗೋಡೆ, ಕಿಟಕಿ ಎಲ್ಲವನ್ನೂ ಅಳಿಸಿ ಮನುಷ್ಯರನ್ನು ಮಾತ್ರ ಉಳಿಸಿಕೊಳ್ಳಬೇಕು. ಉದ್ದ 512 ಚುಕ್ಕಿ, ಅಗಲ 512 ಚುಕ್ಕಿಯ ಚೌಕದೊಳಗೆ ಅದು ಕೂರಬೇಕು. ಫೋಟೊ ಆದರೆ ಚೌಕಟ್ಟಿನೊಳಗೆ ಇರುತ್ತದೆ, ತೆರೆದು ನೋಡಬೇಕು. ಇದಕ್ಕೆ ಚೌಕಟ್ಟೂ ಇಲ್ಲ, ಕೆಳಗೆ ಒಕ್ಕಣೆಯೂ ಇಲ್ಲ. ಎರಡು ಮಾತುಗಳ ನಡುವೆ ಒಬ್ಬರು ತಲೆ ತೂರಿಸಿದ ಹಾಗೆ ಬಂದು ನಿಲ್ಲುತ್ತದೆ. ನೀನು ಅಡಿಗೆಮನೆಯ ಬಾಗಿಲಿನಿಂದ ಇಣುಕುತ್ತೀಯಲ್ಲ, ಹಾಗೆ.

ಮೊದಲ ದಿನ ನಾವು ನಕ್ಕದ್ದು ಮೂಗನ್ನು ನೋಡಿಯೇ. ಅದನ್ನು ಮುಚ್ಚಿಡುವುದಿಲ್ಲ. ತಮ್ಮನಂತೂ ಮೂಗು ಇನ್ನಷ್ಟು ಎದ್ದು ಕಾಣಲೆಂದೇ ಹಾಗೆ ಕತ್ತರಿಸಿದ್ದ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಮೂಗು ಮರೆತುಹೋಗಿ ಗಡಿಯಾರ ಉಳಿಯಿತು. ದೊಡ್ಡಪ್ಪ ಮತ್ತೆ ಎಲ್ಲಿಗೋ "ಹೊರಟೆ" ಎಂದು ಬರೆದರು. ಅತ್ತೆ ಮಾತಿಲ್ಲದೆ ನಿನ್ನ ಸ್ಟಿಕ್ಕರ್ ಹಾಕಿದರು. ಒಂದು ನಿಮಿಷ ಬಿಟ್ಟು ದೊಡ್ಡಪ್ಪ ಬರೆದರು: "ಸರಿ, ಈಗ ಸ್ನಾನಕ್ಕೆ ಹೋಗುತ್ತಿದ್ದೇನೆ."

ಅಂದಿನಿಂದ ಅದು ನಮ್ಮ ಮನೆಯ ಸುಳ್ಳಿನ ತಕ್ಕಡಿ. ಅತ್ತೆ "ಅಂಗಡಿಗೆ ಹೋಗಿದ್ದೆ, ಏನೂ ಕೊಳ್ಳಲಿಲ್ಲ" ಎಂದರೆ ನೀನು ಇಣುಕುತ್ತೀಯ. ಅಪ್ಪ "ದಿನವೂ ಒಂದು ಗಂಟೆ ನಡೆಯುತ್ತಿದ್ದೇನೆ" ಎಂದರೆ ಇಣುಕುತ್ತೀಯ. ತಮ್ಮ ರಾತ್ರಿಯಿಡೀ ಓದಿದೆನೆಂದು ಬರೆದ ದಿನ ಐದು ಜನ ಐದು ಸಲ ಹಾಕಿದರು, ಪರದೆಯ ತುಂಬ ನಿನ್ನ ಬೆರಳು. ಈಗೀಗ ಕೆಲವರು ತಾವೇ ಮೊದಲು ನಿನ್ನನ್ನು ಹಾಕಿಕೊಂಡು ಆಮೇಲೆ ಸುಳ್ಳು ಬರೆಯುತ್ತಾರೆ, ತಪ್ಪು ಒಪ್ಪಿಕೊಂಡು ಕಳ್ಳತನ ಮಾಡಿದಂತೆ. ಹೊರಗಿನವರಿಗೆ ಅದನ್ನು ತೋರಿಸಿದರೆ ನಗುವುದಿಲ್ಲ. ನನ್ನ ಗೆಳತಿಗೊಮ್ಮೆ ತೋರಿಸಿದೆ, "ಯಾರು? ಪಾಪ, ಕಣ್ಣು ಕಾಣಿಸುವುದಿಲ್ಲವೇ?" ಎಂದಳು. ಅದು ನಗು ಬರಿಸುವುದು ಗಡಿಯಾರದ ಕಥೆ ಗೊತ್ತಿದ್ದವರಿಗೆ ಮಾತ್ರ.

ಒಂದು ಸಲ ಮಾತ್ರ ಅದು ಕೆಟ್ಟದಾಗಿ ಬಳಕೆಯಾಯಿತು. ಬೆನ್ನುನೋವಿನಿಂದ ಏಳಲಾಗುತ್ತಿಲ್ಲ ಎಂದು ದೊಡ್ಡಪ್ಪ ಬರೆದಾಗ ತಮ್ಮ ನಿನ್ನ ಮುಖ ಹಾಕಿದ. ಅಂದು ಅವರಿಗೆ ನಿಜವಾಗಿಯೂ ನೋವಿತ್ತು. ಯಾರೂ ನಗಲಿಲ್ಲ. ತಮ್ಮ ಅಳಿಸಿ ಕ್ಷಮೆ ಕೇಳಿದ.

ಈಗ ಹೋದ ವಾರದ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮ ಮಗನಿಗೆ ಗಣಿತದಲ್ಲಿ ತೊಂಬತ್ತೆರಡು ಅಂಕ ಬಂತೆಂದು ಬರೆದರು. ಎತ್ತಿದ ಬೆರಳನ್ನು ಆಶೀರ್ವಾದವೆಂದು ತಿಳಿದು ನೀನು ಆ ಸ್ಟಿಕ್ಕರ್ ಕಳಿಸಿದೆ. ಅದನ್ನು ಎಂದೋ ಮುಟ್ಟಿದಾಗ ನಿನ್ನ ಮೆಚ್ಚಿನವುಗಳ ಪಟ್ಟಿಗೆ ಸೇರಿಕೊಂಡಿರಬೇಕು. ನಮ್ಮ ಭಾಷೆಯಲ್ಲಿ ನೀನು ಆ ಹುಡುಗನಿಗೆ ಹೇಳಿದ್ದು ಇಷ್ಟು: "ತೊಂಬತ್ತೆರಡೇ? ನಿಜ ಹೇಳು." ಅದೂ ಬೇರೆ ಯಾರೋ ಅಲ್ಲ, ಸಾಕ್ಷಾತ್ ಆ ಬೆರಳಿನ ಒಡತಿಯೇ! ಹನ್ನೊಂದು ಜನ ಕಣ್ಣೀರು ಸುರಿಸುವ ಮುಖವನ್ನು ಒತ್ತಿದರು. ಹುಡುಗನಂತೂ ಅಂಕಪಟ್ಟಿಯ ಫೋಟೊವನ್ನೇ ಕಳಿಸಿದ, ಅದು ನಿನ್ನ ತನಿಖೆಗೆ ಉತ್ತರ.

ಆ ಕಣ್ಣೀರಿನ ಮುಖಗಳನ್ನು ನೋಡಿ, ನಿನ್ನ ಆಶೀರ್ವಾದಕ್ಕೆ ಎಲ್ಲರ ಕಣ್ಣೂ ತುಂಬಿ ಬಂತೆಂದು ನೀನು ಎಣಿಸಿದೆಯಂತೆ. ಚಿಕ್ಕಮ್ಮ ಹೇಳಿದರು. ಅದು ಅಳುವುದಲ್ಲ, ನಕ್ಕು ನಕ್ಕು ಬಂದ ಕಣ್ಣೀರು ಎಂದು ಅವರು ತಿಳಿಸಿದ ಮೇಲೆಯೇ ನೀನು ಬರೆಯುವುದನ್ನು ನಿಲ್ಲಿಸಿದ್ದು. ಇದನ್ನು ಕೇಳಿದಾಗ ನನಗೆ ನಗು ಬರಲಿಲ್ಲ. ಹುಡುಗನನ್ನು ಹರಸಲು ಹೋದರೆ ಹನ್ನೊಂದು ಜನ ನಕ್ಕರೆಂದರೆ ಯಾರಿಗಾದರೂ ನೋವಾಗುತ್ತದೆ. ಆ ಮುಖದ ಬಗ್ಗೆ ಒಂದು ಮಾತು: 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಯಾವ ಪದವನ್ನೂ ಆರಿಸದೆ ಅದನ್ನೇ "ವರ್ಷದ ಪದ"ವೆಂದು ಸಾರಿದರು. ನಿಘಂಟಿನವರು ಪದವೆಂದರೂ, ನೋಡಿದರೆ ಅಳುವ ಮುಖದಂತೆಯೇ ಇದೆ. ನೀನು ಓದಿದ್ದರಲ್ಲಿ ತಪ್ಪಿಲ್ಲ.

ಇನ್ನು ತೀರ್ಮಾನ ನಿನ್ನದು. ನಿನ್ನ ಮುಖ, ನಿನ್ನನ್ನು ಕೇಳದೆ ಮಾಡಿದ್ದು. ಬೇಡವೆಂದರೆ ಒಂದು ಮಾತು ಹೇಳು. ನನ್ನ ಫೋನಿನಿಂದ ತೆಗೆದ ಮಾತ್ರಕ್ಕೆ ಅದು ಹೋಗುವುದಿಲ್ಲ, ಉಳಿಸಿಕೊಂಡವರ ಫೋನಿನಲ್ಲೆಲ್ಲ ಬೇರೆ ಬೇರೆ ಪ್ರತಿ ಇರುತ್ತದೆ. ಒಬ್ಬೊಬ್ಬರ ಫೋನನ್ನೂ ಕೈಗೆ ತೆಗೆದುಕೊಂಡು ನಾನೇ ಅಳಿಸುತ್ತೇನೆ. ತಮ್ಮನ ಕಿವಿ ಹಿಂಡುವ ಕೆಲಸವನ್ನು ನಿನಗೆ ಬಿಟ್ಟಿದ್ದೇನೆ.

ಇರಲಿ ಎನ್ನುವುದಾದರೆ ಅದನ್ನು ಎಲ್ಲಿ ಹಾಕಬೇಕೆಂದು ತಿಳಿದುಕೊ. ಯಾರಿಗಾದರೂ ಒಳ್ಳೆಯದಾದಾಗ ಬೇಡ, ಅದಕ್ಕೆ ನಿನ್ನ ಹೂವುಗಳಿವೆ. ಕಾಯಿಲೆ, ಸಾವು, ದುಃಖದ ಸುದ್ದಿಗೆ ಖಂಡಿತ ಬೇಡ. ಯಾರಾದರೂ "ಈಗ ತಾನೇ", "ಐದೇ ನಿಮಿಷ", "ನಾನಲ್ಲ", "ಫೋನ್ ನೋಡಿರಲಿಲ್ಲ" ಎಂದು ಬರೆದರೆ ಹಿಂದೆಮುಂದೆ ನೋಡಬೇಡ. ಬರೆಯುವ ಜಾಗದ ಪಕ್ಕದ ನಗುಮುಖವನ್ನು ಒತ್ತಿ, ಸ್ಟಿಕ್ಕರ್‌ಗಳಿಗೆ ಹೋಗಿ, ನಕ್ಷತ್ರದ ಗುರುತನ್ನು ಮುಟ್ಟಿದರೆ ನೀನು ಅಲ್ಲಿರುತ್ತೀಯ. ನಾವೆಲ್ಲ ಹಾಕಿದರೆ ಅದು ತಮಾಷೆ. ನೀನೇ ಹಾಕಿದರೆ ನಿಜ ಹೇಳದೆ ಬೇರೆ ದಾರಿಯಿರುವುದಿಲ್ಲ.

ಈ ಕಾಗದವನ್ನು ದೊಡ್ಡಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಶುಕ್ರವಾರ ಬೆಳಗ್ಗೆ ಎಂಟಕ್ಕೆಲ್ಲ ಹೊರಟು ನಿನಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಮೇಲೆ ತಾರೀಖು ಹಾಕಿದ್ದೇನೆ. ಓದಿದ ಮೇಲೆ ಕ್ಯಾಲೆಂಡರ್ ನೋಡಿ, ಬೇಕಾದರೆ ಗುಂಪಿನಲ್ಲಿ ಅವರಿಗೊಂದು ಕಳಿಸು.

ನಿನ್ನ ಪ್ರೀತಿಯ,
ಮೊಮ್ಮಗಳು