ತೂಬಿನ ಕಂಬದವರೆಗೆ

ಉತ್ತರೆ, ಹಸ್ತ ಮಳೆಗಳು ಒಂದರ ಹಿಂದೊಂದು ಸುರಿದು, ತಿಪಟೂರು ಸೀಮೆಯ ಆ ಸಣ್ಣ ಊರಿನ ಕೆರೆ ಕೋಡಿಯ ಮಟ್ಟ ಮುಟ್ಟಿದ್ದ ವರ್ಷ, ದಸರಾ ರಜೆಯಲ್ಲಿ ನಂಜಪ್ಪನವರು ಮೊಮ್ಮಗ ಮಂಜುನಾಥನಿಗೆ ಈಜು ಕಲಿಸಲು ನಿಶ್ಚಯಿಸಿದರು. ಅವರು ಆ ಕೆರೆಯ ನೀರುಗಂಟಿಯಾಗಿದ್ದವರು. ಕೊಳವೆಬಾವಿಗಳು ಬಂದು, ಅಚ್ಚುಕಟ್ಟಿನ ಗದ್ದೆಗಳು ತೆಂಗಿನ ತೋಟಗಳಾಗುವವರೆಗೂ ತೂಬನ್ನು ಎತ್ತುವುದು, ಇಳಿಸುವುದು ಅವರ ಮನೆತನದ ಕೆಲಸವಾಗಿತ್ತು. ಅಂಥ ಮನೆಯ ಹುಡುಗ ಐದನೆಯ ತರಗತಿಗೆ ಬಂದಿದ್ದರೂ ಮೊಣಕಾಲುದ್ದದ ನೀರು ದಾಟಿ ಮುಂದೆ ಹೋಗುತ್ತಿರಲಿಲ್ಲ.

ಹೆದರಿಕೆಗೆ ಕಾರಣವಿತ್ತು. ಹಿಂದಿನ ವರ್ಷ ದೊಡ್ಡ ಹುಡುಗರು, ನೀರು ಕುಡಿದರೆ ತಾನಾಗಿಯೇ ಈಜು ಬರುತ್ತದೆಂದು ಅವನನ್ನು ತೋಟದ ಹೊಂಡಕ್ಕೆ ತಳ್ಳಿದ್ದರು. ಅವರೇ ಹಾರಿ ಮೇಲೆತ್ತಿದ್ದು ನಿಜ. ಆದರೆ ಮೂಗಿನೊಳಗೆ ನುಗ್ಗಿದ ನೀರಿನ ಉರಿ, ಕಾಲಿಗೆ ನೆಲ ಸಿಗದೆ ಒದ್ದಾಡಿದ ಆ ಗಳಿಗೆ ಅವನ ಮೈಯಲ್ಲಿ ಹಾಗೆಯೇ ಉಳಿದಿತ್ತು.

ತಾತ ಮೊದಲ ದಿನ ಅವನನ್ನು ನೀರಿಗೆ ಇಳಿಸಲೇ ಇಲ್ಲ. ಏರಿಯ ಮೇಲೆ ನಡೆಸಿಕೊಂಡು ಹೋಗುತ್ತ, ಎಲ್ಲಿ ಹೂಳು ಕಾಲನ್ನು ಹಿಡಿಯುತ್ತದೆ, ಎಲ್ಲಿ ಪಾಚಿ ಬೆಳೆದ ಕಲ್ಲು ಜಾರುತ್ತದೆ, ಎಲ್ಲಿ ತಾವರೆಯ ದಂಟು ತೊಡೆಗೆ ಸುತ್ತಿಕೊಳ್ಳುತ್ತದೆ ಎಂಬುದನ್ನೆಲ್ಲ ಕೈ ಚಾಚಿ ತೋರಿಸಿದರು.

“ಅಗೋ, ಆ ಮೂಲೇಲಿ ಬೇಸಿಗೇಲಿ ಜೆಸಿಬಿ ತಂದು ಮಣ್ಣು ತೆಗ್ದವ್ರೆ. ಈಗ ನೀರು ತುಂಬಿ ಎಲ್ಲಾ ಒಂದೇ ಸಮ ಕಾಣ್ತದೆ. ಮೊಣಕಾಲುದ್ದ ಅಂತ ಹೋದ್ರೆ ಮುಂದಿನ ಹೆಜ್ಜೆಗೆ ಎರಡಾಳುದ್ದ. ಈಜು ಬಂದೋನೂ ಆ ಕಡೆ ಇಳೀಬಾರ್ದು, ತಿಳೀತಾ?”

ಹಳ್ಳಿಯ ಮಕ್ಕಳಿಗೆ ಈ ಗುಂಡಿಗಳ ವಿಷಯವನ್ನು ಎಷ್ಟು ಸಲ ಹೇಳಿದರೂ ಸಾಲದು.

ಮರುದಿನ ತಾತ ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಬಿಟ್ಟಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರಿನ ಸದ್ದಿಲ್ಲದ ಎರಡನ್ನು ಆರಿಸಿ, ಸಿಪ್ಪೆ ಸುಲಿಯದೆಯೇ ಹಗ್ಗದಿಂದ ಜೋಡಿ ಕಟ್ಟಿದರು. ಹಗ್ಗ ಮಂಜುನಾಥನ ಎದೆಯ ಕೆಳಗೆ ಬಂತು. ಕಾಯಿಗಳು ಎರಡು ಪಕ್ಕೆಗಳಿಗೆ ಒತ್ತಿಕೊಂಡವು. ಬಟ್ಟೆ ಒಗೆಯುವ ಕಲ್ಲುಗಳ ಬಳಿ, ಹುಡುಗನ ಸೊಂಟದ ಮಟ್ಟಕ್ಕೆ ಬರುವ ನೀರಿನಲ್ಲಿ ನಿಂತು, ತಾತ ಅವನ ಹೊಟ್ಟೆಯಡಿಗೆ ಅಂಗೈ ಕೊಟ್ಟರು.

“ತಾತ, ಕೈ ಬಿಟ್ಬಿಡ್ತೀಯ ನೀನು.”

“ಬಿಡ್ತೀನಿ. ಬಿಡ್ದೆ ಈಜು ಹೆಂಗೆ ಬಂದಾತು? ಆದ್ರೆ ಹೇಳೇ ಬಿಡ್ತೀನಿ. ಹೇಳ್ದೆ ಮಾತ್ರ ಬಿಡಲ್ಲ.”

ಆ ಮಾತಿಗೆ ಅವರು ಒಮ್ಮೆಯೂ ತಪ್ಪಲಿಲ್ಲ. ಹುಡುಗ ತಲೆಯನ್ನು ಮೇಲೆತ್ತಿದಷ್ಟೂ ಕಾಲು ಕೆಳಗಿಳಿಯುತ್ತಿತ್ತು. ಕಾಲು ಇಳಿದೊಡನೆ ಗಾಬರಿಯಾಗಿ ತಾತನ ಕೊರಳಿಗೆ ಜೋತುಬೀಳುತ್ತಿದ್ದ. ಅವರು ಬೈಯಲಿಲ್ಲ. ಮುಖವನ್ನು ನೀರಿಗಿಟ್ಟು ಬಾಯಿಯಿಂದ ಗುಳುಗುಳು ಉಸಿರು ಬಿಡಿಸಿದರು. ಕಲ್ಲಿನ ಅಂಚು ಹಿಡಿಸಿ, ಮಂಡಿಯಿಂದಲ್ಲ, ತೊಡೆಯಿಂದ ಕಾಲು ಬಡಿಯಿಸಿದರು. ಉಸಿರು ತುಂಬಿಕೊಂಡ ಎದೆ ತಾನಾಗಿಯೇ ಮೇಲೇಳುವುದನ್ನು ಅವನು ಕಂಡುಕೊಂಡ ಬೆಳಿಗ್ಗೆ, ತಾತ “ಈಗ ಬಿಡ್ತೀನಿ” ಎಂದರು. ಮಂಜುನಾಥ “ಬ್ಯಾಡ” ಎಂದ. ಅವರು ಬಿಡಲಿಲ್ಲ. ಎರಡನೆಯ ಸಲ ಕೇಳಿದಾಗಲೂ “ಬ್ಯಾಡ” ಎಂದ. ಆಗಲೂ ಕೈ ಅಲ್ಲಿಯೇ ಇತ್ತು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು, “ಎತ್ತಿ ಎಸೀರಿ ನಂಜಪ್ನೋರೆ, ತಾನೇ ಬಡ್ಕೊಂಡು ಈಜ್ತಾನೆ” ಎಂದು ಕೂಗಿದರು. ತಾತ ಅವರತ್ತ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗ ತಾನೇ, “ಹೂಂ, ಬಿಡು” ಎಂದ.

ಕಾಯಿಗಳು ಅವನನ್ನು ತೇಲಿಸಿದವು. ಕೆಲವು ದಿನಗಳಲ್ಲಿ ಒಂದು ಕಾಯಿಯನ್ನು, ಆಮೇಲೆ ಇನ್ನೊಂದನ್ನೂ ಬಿಚ್ಚಿದ್ದಾಯಿತು. ಪ್ರತಿಸಲವೂ ಅವನನ್ನು ಕೇಳಿಯೇ.

ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ತೂಬಿನ ಕಡೆ ಈಜಿದರು. ಏರಿಯಿಂದ ಸ್ವಲ್ಪ ಒಳಗೆ, ನೀರಿನಿಂದ ಮೇಲೆದ್ದ ಎರಡು ಕಲ್ಲುಕಂಬಗಳೇ ತೂಬು. ನಡುವಿನಲ್ಲಿ ಮಂಜುನಾಥನ ತೋಳು ಸೋತಿತು. ತಾತ ಪಕ್ಕದಲ್ಲಿಯೇ ಇದ್ದರೂ ಕೈ ಚಾಚದೆ, “ಅಂಗಾತ ಮಲಗು, ಉಸಿರು ತಗೋ” ಎಂದರು. ಅವನು ಮಗುಚಿಕೊಂಡು, ಕಿವಿಯವರೆಗೆ ನೀರಿನಲ್ಲಿ ಅದ್ದಿ, ಎದೆಯುಬ್ಬಿಸಿ ತೇಲಿದ. ದಣಿವು ಇಳಿದ ಮೇಲೆ ಮತ್ತೆ ಕಾಲು ಬಡಿದು ಹೋಗಿ ಅಡ್ಡಗಲ್ಲನ್ನು ತಬ್ಬಿಕೊಂಡ.

“ತಾತ, ಇದ್ರ ಬುಡಕ್ಕೆ ಮುಳುಗ್ತಿದ್ದೆಯಾ ನೀನು?”

“ಕಸ ಕಟ್ಕೊಂಡಾಗ ಮುಳುಗ್ಲೇಬೇಕಾಗಿತ್ತು. ಎದೆ ಒಡ್ದೋಯ್ತದೇನೋ ಅನ್ನಿಸ್ತಿತ್ತು. ತೂಬು ಎತ್ತಿದ್ದಾಗ ಮಾತ್ರ ಇಲ್ಲಿ ಸುಳೀಬಾರ್ದು, ನೀರು ಎಳ್ಕೊಂಡ್ಬಿಡ್ತದೆ.”

“ನಂಗೂ ಮುಳುಗೋದು ಹೇಳ್ಕೊಡು.”

“ಮೊದ್ಲು ವಾಪಸ್ ಈಜು” ಎಂದು ತಾತ ಕಂಬದಿಂದ ಕೈ ತೆಗೆದರು.