ರಿಟೆನ್ಷನ್ ಬೋನಸ್ ಪತ್ರ

ಪೀಣ್ಯ, ಬೆಂಗಳೂರು
16 ಜೂನ್ 2025

ಶ್ರೀಮತಿ ಸವಿತಾ ಅವರಿಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು

ವಿಷಯ: ಘಟಕ ಸ್ಥಳಾಂತರದ ಅವಧಿಗೆ ರೂ. 6,00,000 ರಿಟೆನ್ಷನ್ ಬೋನಸ್

ಮಾನ್ಯರೇ,

ಪೀಣ್ಯದ ನಮ್ಮ ಘಟಕ ತುಮಕೂರು ಜಿಲ್ಲೆಯ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಹಂತಹಂತವಾಗಿ ಸ್ಥಳಾಂತರಗೊಳ್ಳುತ್ತಿರುವುದು ನಿಮಗೆ ತಿಳಿದಿದೆ. ಯಂತ್ರಗಳನ್ನು ಲಾರಿಗೆ ಏರಿಸುವುದು ಕಷ್ಟವಲ್ಲ. ಅಲ್ಲಿ ಇಳಿಸಿದ ಮೇಲೆ ಅವು ಮೊದಲಿನ ಅಳತೆಯನ್ನೇ ಕೊಡುತ್ತಿವೆಯೆಂದು ಗ್ರಾಹಕರಿಗೆ ತೋರಿಸಿಕೊಡುವುದೇ ಕಷ್ಟ, ಮತ್ತು ಆ ಕೆಲಸ ನಿಮ್ಮದು. ಆದ್ದರಿಂದ 30 ಸೆಪ್ಟೆಂಬರ್ 2026ರವರೆಗೆ ನೀವು ನಮ್ಮೊಂದಿಗೆ ಇರಬೇಕೆಂದು ಕೋರಿ ಈ ಬೋನಸ್ ನೀಡುತ್ತಿದ್ದೇವೆ. ನಿಮ್ಮ ಸಂಬಳಕ್ಕೂ ವಾರ್ಷಿಕ ಬೋನಸ್‌ಗೂ ಇದು ಹೊರತಾದದ್ದು. ಗ್ರಾಚ್ಯುಟಿ ಅಥವಾ ರಜೆ ನಗದೀಕರಣದ ಲೆಕ್ಕಕ್ಕೆ ಇದು ಸೇರುವುದಿಲ್ಲ.

ಪಾವತಿಯ ದಿನಾಂಕಗಳು

ಮೊದಲ ಕಂತು ರೂ. 1,50,000, 31 ಜುಲೈ 2025ರಂದು.
ಎರಡನೆಯ ಕಂತು ರೂ. 1,50,000, 31 ಮಾರ್ಚ್ 2026ರಂದು.
ಕೊನೆಯ ಕಂತು ರೂ. 3,00,000, 30 ಸೆಪ್ಟೆಂಬರ್ 2026ರಂದು.

ಆಯಾ ತಿಂಗಳ ಸಂಬಳದ ಜೊತೆಗೇ ಹಣ ನಿಮ್ಮ ಖಾತೆಗೆ ಜಮೆಯಾಗುತ್ತದೆ. ಸಂಬಳಕ್ಕೆ ಹಿಡಿಯುವಂತೆಯೇ ಇದಕ್ಕೂ ಆದಾಯ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ.

ಷರತ್ತುಗಳು

ಪಾವತಿಯ ದಿನ ನೀವು ಸೇವೆಯಲ್ಲಿರಬೇಕು, ಅಂದಿಗೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ಇರಬಾರದು. ನೋಟಿಸ್ ಅವಧಿ ಮುಗಿಯುವುದು ಅಕ್ಟೋಬರ್‌ನಲ್ಲಾದರೂ ರಾಜೀನಾಮೆ ಸೆಪ್ಟೆಂಬರ್ 30ಕ್ಕೆ ಮೊದಲೇ ಸಲ್ಲಿಕೆಯಾಗಿದ್ದರೆ ಕೊನೆಯ ಕಂತು ಸಲ್ಲುವುದಿಲ್ಲ. ಈ ಮಾತನ್ನು ಈಗಲೇ ಬಿಚ್ಚಿ ಹೇಳುವುದು ಇಬ್ಬರಿಗೂ ಒಳ್ಳೆಯದು.

ಎರಡನೆಯ ಕಂತಿಗೆ ಇನ್ನೊಂದು ಷರತ್ತಿದೆ: ಸಿಎಂಎಂ ಅಳತೆ ಯಂತ್ರ ಹೊಸ ಕಟ್ಟಡದಲ್ಲಿ ನೆಲೆಗೊಂಡು, ಅದರ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಕಡತಕ್ಕೆ ಸೇರಿರಬೇಕು. ಕಟ್ಟಡವೋ ವಿದ್ಯುತ್ ಸಂಪರ್ಕವೋ ತಡವಾದರೆ ಅದು ನಿಮ್ಮ ತಪ್ಪಲ್ಲ. ಹಾಗಾದಾಗ ಕಂತು ನಿಗದಿತ ದಿನವೇ ಬರುತ್ತದೆ. ಸಂಬಳರಹಿತ ರಜೆ ಒಂದೇ ಸಲಕ್ಕೆ 30 ದಿನ ದಾಟಿದರೆ ದಾಟಿದಷ್ಟು ದಿನ ಮುಂದಿನ ಕಂತು ಮುಂದಕ್ಕೆ ಹೋಗುತ್ತದೆ. ಹೆರಿಗೆ ರಜೆ ಮತ್ತು ವೈದ್ಯಕೀಯ ರಜೆಯನ್ನು ಸೇವೆಯೆಂದೇ ಎಣಿಸುತ್ತೇವೆ.

ಅವಧಿಗೆ ಮುನ್ನ ಬಿಟ್ಟರೆ ಮರುಪಾವತಿ

ನೀವಾಗಿಯೇ ರಾಜೀನಾಮೆ ಕೊಟ್ಟರೆ, ಅಥವಾ ವಿಚಾರಣೆಯಲ್ಲಿ ದುರ್ನಡತೆ ಸಾಬೀತಾಗಿ ಕೆಲಸದಿಂದ ತೆಗೆದರೆ, ಪಡೆದ ಹಣದಲ್ಲಿ ಒಂದು ಭಾಗವನ್ನು ಹಿಂತಿರುಗಿಸಬೇಕು. ಮೊದಲ ಕಂತು 12 ತಿಂಗಳಿಗೂ ಎರಡನೆಯದು 6 ತಿಂಗಳಿಗೂ ಹಂಚಿಕೆಯಾಗಿದೆ. ಪಾವತಿಯ ನಂತರ ಪೂರೈಸಿದ ಪ್ರತಿ ತಿಂಗಳಿಗೆ ಅಷ್ಟು ಪಾಲು ನಿಮ್ಮದಾಗುತ್ತದೆ. ಉಳಿದ ತಿಂಗಳುಗಳದ್ದು ಮಾತ್ರ ವಾಪಸು. ಕೊನೆಯ ಕಂತಿಗೆ ಮರುಪಾವತಿಯೇ ಇಲ್ಲ.

ಲೆಕ್ಕ ಹಾಕುವುದು ತೆರಿಗೆ ಕಳೆದು ನಿಮ್ಮ ಕೈಗೆ ಬಂದ ಮೊತ್ತದ ಮೇಲೆ. ಸರ್ಕಾರಕ್ಕೆ ಹೋದ ಹಣವನ್ನು ನಿಮ್ಮಿಂದ ಕೇಳುವುದು ನ್ಯಾಯವಲ್ಲ. ಉದಾಹರಣೆಗೆ, ಎರಡೂ ಕಂತುಗಳಲ್ಲಿ ತಲಾ ರೂ. 31,200 ತೆರಿಗೆ ಹೋಗಿ ರೂ. 1,18,800 ನಿಮಗೆ ಬಂದಿದೆ ಎನ್ನೋಣ. 31 ಮೇ 2026 ನಿಮ್ಮ ಕೊನೆಯ ಕೆಲಸದ ದಿನವಾದರೆ ಮೊದಲ ಕಂತಿನಲ್ಲಿ ಉಳಿದ 2 ತಿಂಗಳಿಗೆ ರೂ. 19,800, ಎರಡನೆಯದರಲ್ಲಿ ಉಳಿದ 4 ತಿಂಗಳಿಗೆ ರೂ. 79,200, ಒಟ್ಟು ರೂ. 99,000 ಕೊಡಬೇಕಾಗುತ್ತದೆ.

ಈ ಮೊತ್ತವನ್ನು ಅಂತಿಮ ಲೆಕ್ಕದ ಸಂಬಳ ಬಾಕಿಯಿಂದ, ಕಾನೂನು ಅನುಮತಿಸುವಷ್ಟು, ಮುರಿದುಕೊಳ್ಳುತ್ತೇವೆ. ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿಯನ್ನು ಮುಟ್ಟುವುದಿಲ್ಲ. ಮಿಕ್ಕದ್ದನ್ನು ಬಡ್ಡಿಯಿಲ್ಲದೆ 4 ಸಮಾನ ಮಾಸಿಕ ಕಂತುಗಳಲ್ಲಿ ತೀರಿಸಬಹುದು. ಬಾಕಿ ಇದೆ ಎಂಬ ಕಾರಣಕ್ಕೆ ಸೇವಾ ಪ್ರಮಾಣಪತ್ರವನ್ನಾಗಲಿ ಬಿಡುಗಡೆ ಪತ್ರವನ್ನಾಗಲಿ ತಡೆಹಿಡಿಯುವುದಿಲ್ಲ.

ಕಂಪನಿಯೇ ನಿಮ್ಮ ಹುದ್ದೆಯನ್ನು ರದ್ದುಮಾಡಿದರೆ ಅಥವಾ ದುರ್ನಡತೆಯ ಹೊರತು ಬೇರೆ ಕಾರಣಕ್ಕೆ ಸೇವೆ ಕೊನೆಗೊಳಿಸಿದರೆ ಏನನ್ನೂ ಹಿಂತಿರುಗಿಸಬೇಕಿಲ್ಲ; ಬಾಕಿ ಕಂತುಗಳನ್ನು ಅಂತಿಮ ಲೆಕ್ಕದ ಜೊತೆಗೆ ಪೂರ್ತಿಯಾಗಿ ಕೊಡುತ್ತೇವೆ. ಮರಣ ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೂ ಇದೇ ನಿಯಮ; ಮರಣದ ಸಂದರ್ಭದಲ್ಲಿ ಹಣ ನಿಮ್ಮ ನಾಮಿನಿಗೆ ಸೇರುತ್ತದೆ.

ಸೆಪ್ಟೆಂಬರ್ 2026ರ ನಂತರವೂ ನೀವು ವಸಂತನರಸಾಪುರದಲ್ಲೇ ಮುಂದುವರಿಯಬೇಕೆಂದು ಈ ಪತ್ರ ಕಟ್ಟುಪಾಡು ಹಾಕುವುದಿಲ್ಲ. ನೇಮಕಾತಿ ಪತ್ರದ ಉಳಿದ ನಿಯಮಗಳು, 60 ದಿನಗಳ ನೋಟಿಸ್ ಸಹಿತ, ಹಾಗೆಯೇ ಇರುತ್ತವೆ. ವಿವಾದವೇನಾದರೂ ಬಂದರೆ ಅದು ಬೆಂಗಳೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಡುತ್ತದೆ.

ಮನೆಯವರೊಂದಿಗೆ ಮಾತನಾಡಿ, ಬೇಕಿದ್ದರೆ ನಿಮ್ಮ ಲೆಕ್ಕಪರಿಶೋಧಕರಿಗೂ ತೋರಿಸಿ. ಒಪ್ಪಿಗೆಯಿದ್ದರೆ 27 ಜೂನ್ 2025ರೊಳಗೆ ಎರಡನೆಯ ಪ್ರತಿಗೆ ಸಹಿ ಮಾಡಿ ಮಾನವ ಸಂಪನ್ಮೂಲ ವಿಭಾಗಕ್ಕೆ ಕೊಡಿ. ಒಪ್ಪದಿದ್ದರೆ ನಿಮ್ಮ ಹುದ್ದೆಗಾಗಲಿ ಸಂಬಳಕ್ಕಾಗಲಿ ಬಾಧಕವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ನಿರ್ದೇಶಕರು

ಉದ್ಯೋಗಿಯ ಒಪ್ಪಿಗೆ

ಮೇಲಿನ ಪತ್ರವನ್ನು ಓದಿ ಅರ್ಥಮಾಡಿಕೊಂಡಿದ್ದೇನೆ. ಪಾವತಿಯ ದಿನಾಂಕಗಳು, ಷರತ್ತುಗಳು ಮತ್ತು ಮರುಪಾವತಿಯ ನಿಯಮಗಳಿಗೆ ನನ್ನ ಒಪ್ಪಿಗೆಯಿದೆ. ಹಿಂತಿರುಗಿಸಬೇಕಾದ ಮೊತ್ತವಿದ್ದರೆ ಅದನ್ನು ನನ್ನ ಅಂತಿಮ ಲೆಕ್ಕದಿಂದ, ಪತ್ರದಲ್ಲಿ ಹೇಳಿದ ಮಿತಿಯೊಳಗೆ, ಮುರಿದುಕೊಳ್ಳಲು ಅನುಮತಿ ನೀಡಿದ್ದೇನೆ.

ಸವಿತಾ
20 ಜೂನ್ 2025