ಇಬ್ಬರೂ ಸಹಿ ಮಾಡಿದ ಬಾಡಿಗೆ ಕರಾರಿನ ಪ್ರತಿ ಕೊಡಬೇಕೆಂದು ಕೋರಿಕೆ

ದಿನಾಂಕ: 8 ಜನವರಿ 2025

ಇಂದ:
ಮೊದಲ ಮಹಡಿಯ ಬಾಡಿಗೆದಾರ

ಗೆ:
ಮನೆಯ ಮಾಲೀಕರು, ನೆಲಮಹಡಿ

ವಿಷಯ: 2 ಜೂನ್ 2024ರಂದು ನಾವಿಬ್ಬರೂ ಸಹಿ ಮಾಡಿದ ಬಾಡಿಗೆ ಕರಾರಿನ ಪೂರ್ತಿ ಪ್ರತಿ

ಸರ್, ನಮಸ್ಕಾರ.

ಒಂದೇ ಮನೆಯ ಮೇಲೆ ಕೆಳಗೆ ಇದ್ದುಕೊಂಡು ಪತ್ರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಈ ವಿಷಯ ನಾನು ಎತ್ತಿದಾಗಲೆಲ್ಲ ನಾವು ಗೇಟಿನ ಬಳಿಯೋ ಮೆಟ್ಟಿಲ ಮೇಲೋ ನಿಂತಿರುತ್ತೇವೆ. ನೀವು ಎಲ್ಲಿಗೋ ಹೊರಟಿರುತ್ತೀರಿ, ಇಲ್ಲವೇ ನನಗೆ ಆಫೀಸಿಗೆ ಹೊತ್ತಾಗಿರುತ್ತದೆ. ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದದಲ್ಲಿ ಬರೆದುಕೊಟ್ಟರೆ ನಿಮಗೆ ಬಿಡುವಾದಾಗ ಕೂತು ಓದಬಹುದು ಎಂದು ಬರೆದಿದ್ದೇನೆ. ಇದನ್ನೇ ವಾಟ್ಸಾಪ್‌ಗೂ ಕಳಿಸಿದ್ದೇನೆ.

ಕಳೆದ ಜೂನ್ 2ರ ಭಾನುವಾರ ಸಂಜೆ ನಿಮ್ಮ ಮನೆಯ ನಡುಮನೆಯಲ್ಲಿ ಕರಾರಿಗೆ ಸಹಿ ಹಾಕಿದೆವು. ನಾಲ್ಕು ಹಾಳೆ. ಪ್ರತಿ ಹಾಳೆಯ ಕೆಳಗೂ ನೀವು ಸಹಿ ಮಾಡಿದಿರಿ, ನಾನೂ ಮಾಡಿದೆ. ಸಾಕ್ಷಿಗಳಾಗಿ ನಿಮ್ಮ ಕಡೆಯಿಂದ ಮೇಡಂ, ನನ್ನ ಕಡೆಯಿಂದ ನನ್ನ ಸಹೋದ್ಯೋಗಿ ಸಹಿ ಹಾಕಿದರು. ತಯಾರಾಗಿದ್ದದ್ದು ಒಂದೇ ಮೂಲಪ್ರತಿ. ಹೊರಗೆ ಮಳೆ ಜೋರಾಗಿತ್ತು, ಜೆರಾಕ್ಸ್ ಅಂಗಡಿಯೂ ಮುಚ್ಚಿತ್ತು. "ನಾಳೆ ಒಂದು ಜೆರಾಕ್ಸ್ ಮಾಡಿಸಿ ಕೊಡ್ತೀನಿ" ಎಂದು ನೀವು ಅದನ್ನು ಹಸಿರು ಫೈಲಿನಲ್ಲಿಟ್ಟು ಬೀರುವಿಗೆ ಹಾಕಿದಿರಿ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬೇಕಿತ್ತು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ನನಗೆ ಅದು ಹೊಳೆಯಲಿಲ್ಲ.

ಆಮೇಲೆ ಜುಲೈನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಕೇಳಿದೆ. ಅಕ್ಟೋಬರ್ 14ರಂದು ನೀವು ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿದಿರಿ. ನೆನಪಿಟ್ಟು ಕಳಿಸಿದ್ದಕ್ಕೆ ಆಗಲೇ ಧನ್ಯವಾದ ಹೇಳಿದ್ದೆ. ಆದರೆ ಅದು ಸಹಿಗೆ ಮೊದಲು ಟೈಪ್ ಮಾಡಿಸಿದ್ದ ಕರಡು, ಸರ್. ಅದರಲ್ಲಿ ಯಾರ ಸಹಿಯೂ ಇಲ್ಲ, ಸಾಕ್ಷಿಗಳ ಹೆಸರೂ ಇಲ್ಲ. ವಿಳಾಸದ ದಾಖಲೆಗೆಂದು ಆಫೀಸಿನಲ್ಲಿ ಅದನ್ನೇ ಕೊಟ್ಟೆ. ಸಹಿಯಿಲ್ಲದ ಕಾಗದ ನಡೆಯುವುದಿಲ್ಲ ಎಂದು ವಾಪಸ್ ಕೊಟ್ಟರು. ಈಗ ಜನವರಿ 24ರೊಳಗೆ ಸಹಿ ಇರುವ ಪ್ರತಿಯನ್ನೇ ಕೊಡಬೇಕೆಂದು ಹೇಳಿದ್ದಾರೆ.

ಆಫೀಸಿನ ಅಗತ್ಯ ನನ್ನ ಕಾರಣಗಳಲ್ಲಿ ಚಿಕ್ಕದು. ದೊಡ್ಡ ಕಾರಣ ಬೇರೆ ಇದೆ, ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಆ ಕರಡಿಗೂ ನಾವು ಸಹಿ ಮಾಡಿದ ಪತ್ರಕ್ಕೂ ವ್ಯತ್ಯಾಸವಿದೆ. ಅಂದು ಸಂಜೆ ಓದಿ ನೋಡುವಾಗ ಎರಡು ಕಡೆ ಪೆನ್ನಿನಲ್ಲಿ ತಿದ್ದಿದೆವು. ಮನೆ ಬಿಡುವ ಮುನ್ನ ಕೊಡಬೇಕಾದ ನೋಟಿಸ್ "ಮೂರು ತಿಂಗಳು" ಎಂದು ಟೈಪ್ ಆಗಿತ್ತು. ಅದನ್ನು ಹೊಡೆದು "ಎರಡು ತಿಂಗಳು" ಎಂದು ನೀವೇ ನೀಲಿ ಪೆನ್ನಿನಲ್ಲಿ ಬರೆದಿರಿ, ಅಂಚಿನಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿದೆವು. ಎರಡನೆಯದು ಸುಣ್ಣಬಣ್ಣದ ವಿಷಯ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಮುಂಗಡದಿಂದ ಹಿಡಿದುಕೊಳ್ಳುವುದು ಎಂದಿತ್ತು. ಎರಡು ವರ್ಷ ಪೂರ್ತಿ ಇದ್ದರೆ ಹಿಡಿಯುವುದಿಲ್ಲ, ಅದಕ್ಕೂ ಮೊದಲೇ ಬಿಟ್ಟರೆ ಮಾತ್ರ ಹಿಡಿಯುವುದು ಎಂದು ಸೇರಿಸಿದಿರಿ. ಆ ಮಾತನ್ನು ಹೇಳಿದ್ದೂ ನೀವೇ. ಅದು ನ್ಯಾಯವಾದ ಮಾತು ಎಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಈ ಮನೆಗೆ ಬರಲು ಧೈರ್ಯ ಬಂದದ್ದಕ್ಕೆ ಅದೂ ಒಂದು ಕಾರಣ.

ಕೊನೆಯ ಹಾಳೆಯ ಹಿಂಬದಿಯಲ್ಲಿ ಕೈಬರಹದ ಒಂದು ಪಟ್ಟಿಯೂ ಇದೆ. ನಾಲ್ಕು ಫ್ಯಾನ್, ಒಂದು ಗೀಸರ್, ಎರಡು ಗೋಡೆ ಬೀರು, ಮೂರು ಜೊತೆ ಬೀಗದ ಕೈ, ಅಂದಿನ ಕರೆಂಟ್ ಮೀಟರ್ ರೀಡಿಂಗ್. ಅದರ ಕೆಳಗೆ, ಬಚ್ಚಲುಮನೆ ಬಾಗಿಲಿನ ತಳಭಾಗ ನೀರು ಕುಡಿದು ಉಬ್ಬಿದೆ, ಅಡುಗೆಮನೆಯ ಒಲೆಕಟ್ಟೆಯ ಬಲಗಡೆ ಒಂದು ಟೈಲ್ ಬಿರುಕು ಬಿಟ್ಟಿದೆ ಎಂದು ಬರೆದಿದ್ದೆವು. ಇವು ನಾವು ಬರುವ ಮೊದಲೇ ಇದ್ದವು. ನಾಳೆ ನಾನು ಮನೆ ಬಿಡುವಾಗ ನಿಮಗೂ ನೆನಪಿರಲಿಕ್ಕಿಲ್ಲ, ನನಗೂ ಇರಲಿಕ್ಕಿಲ್ಲ. ಆ ಪಟ್ಟಿಗೆ ಮಾತ್ರ ನೆನಪಿರುತ್ತದೆ.

ಡಿಸೆಂಬರ್ 29ರ ಭಾನುವಾರ ಬೆಳಿಗ್ಗೆ ಮಾತಾಡುವಾಗ ನೀವು "ನೋಟಿಸ್ ಮೂರು ತಿಂಗಳು ಇದೆಯಲ್ಲ" ಎಂದಿರಿ. ನಾನು ಎರಡು ಎಂದುಕೊಂಡಿದ್ದೆ. ನೀವು ಬೇಕೆಂದು ಹಾಗೆ ಹೇಳಿದಿರಿ ಎಂದು ನನಗೆ ಒಂದು ಕ್ಷಣವೂ ಅನಿಸಿಲ್ಲ. ನಿಮ್ಮ ಫೋನಿನಲ್ಲೂ ಆ ಕರಡೇ ಇದೆ, ಅದನ್ನೇ ನೋಡಿ ಹೇಳಿರಬೇಕು. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಒಪ್ಪಿ ಸಹಿ ಹಾಕಿದ್ದು ಏನು ಎಂದು ನನ್ನ ಹೆಂಡತಿ ಕೇಳಿದರೆ ತೋರಿಸಲು ನನ್ನ ಬಳಿ ಒಂದು ಹಾಳೆಯೂ ಇಲ್ಲ. ಐದು ತಿಂಗಳ ಬಾಡಿಗೆಯಷ್ಟು ಮುಂಗಡ ಕೊಟ್ಟಿದ್ದೇನೆ. ಬ್ಯಾಂಕಿನಿಂದ ಹೋದದ್ದಕ್ಕೆ ದಾಖಲೆ ಇದೆ, ಆದರೆ ಅದು ಯಾವ ಷರತ್ತಿನ ಮೇಲೆ ವಾಪಸ್ ಬರುತ್ತದೆ ಎಂಬುದು ಆ ನಾಲ್ಕು ಹಾಳೆಯಲ್ಲಿ ಮಾತ್ರ ಇದೆ.

ಅಂದೇ ನೀವು ಇನ್ನೊಂದು ಮಾತು ಕೇಳಿದಿರಿ: "ಕಾಪಿ ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅದಕ್ಕೆ ಅಲ್ಲೇ ಉತ್ತರ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ನಂಬಿಕೆ ಇದೆ ಸರ್. ಆಗಸ್ಟ್‌ನಲ್ಲಿ ಮಗಳಿಗೆ ಜ್ವರ ಬಂದಾಗ ಮಧ್ಯರಾತ್ರಿ ನಿಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಅದನ್ನು ನಾವು ಮರೆಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಏಳು ತಿಂಗಳು ಕಾಗದವಿಲ್ಲದೆ ಇರುತ್ತಿರಲಿಲ್ಲ. ಆದರೆ ಒಂದೇ ಪತ್ರಕ್ಕೆ ಇಬ್ಬರೂ ಬದ್ಧರಾಗಿರುವಾಗ ಅದು ಇಬ್ಬರ ಕೈಯಲ್ಲೂ ಇರಬೇಕು. ನನಗೆ ಸಂದೇಹ ಬಂದಾಗಲೆಲ್ಲ ನಿಮ್ಮ ಬಾಗಿಲು ತಟ್ಟಿ ಕೇಳುವುದು ನಿಮಗೂ ಕಿರಿಕಿರಿ, ನನಗೂ ಸಂಕೋಚ. ನಾಳೆ ನಿಮ್ಮ ಮಗನೋ ನನ್ನ ಹೆಂಡತಿಯೋ ಈ ವ್ಯವಹಾರ ನೋಡಿಕೊಳ್ಳಬೇಕಾಗಿ ಬಂದರೆ ಅವರಿಗೆ ನಮ್ಮ ಬಾಯಿಮಾತು ಗೊತ್ತಿರುವುದಿಲ್ಲ.

ನನಗೆ ಬೇಕಾದದ್ದು ಇಷ್ಟು. ನಾಲ್ಕೂ ಹಾಳೆಗಳ ಪ್ರತಿ, ಕೊನೆಯ ಹಾಳೆಯ ಹಿಂಬದಿಯೂ ಸೇರಿ. ಪೆನ್ನಿನ ತಿದ್ದುಪಡಿ, ಅಂಚಿನ ಚಿಕ್ಕ ಸಹಿ, ಸಾಕ್ಷಿಗಳ ಸಹಿ ಎಲ್ಲವೂ ಓದುವಷ್ಟು ಸ್ಪಷ್ಟವಾಗಿರಬೇಕು. ಜೆರಾಕ್ಸ್ ಆದರೂ ಸರಿ, ಸ್ಕ್ಯಾನ್ ಆದರೂ ಸರಿ. ಮೂಲಪ್ರತಿ ನಿಮ್ಮ ಬಳಿಯೇ ಇರಲಿ, ಅದನ್ನು ನಾನು ಕೇಳುತ್ತಿಲ್ಲ. ಹೊಸದಾಗಿ ಟೈಪ್ ಮಾಡಿಸಿ ಕೊಡುವ ತೊಂದರೆಯನ್ನೂ ತೆಗೆದುಕೊಳ್ಳಬೇಡಿ. ನನಗೆ ಬೇಕಾದದ್ದು ಅಂದು ಸಹಿ ಮಾಡಿದ ಆ ಪತ್ರದ ಪ್ರತಿಯೇ.

ಜೊತೆಗೆ ಲಗತ್ತಿಸಿದ ಗುರುತಿನ ಚೀಟಿಗಳ ಬಗ್ಗೆ ನಿಮಗೆ ಅಳುಕಿದ್ದರೆ ನಿಮ್ಮ ಚೀಟಿಯ ಹಾಳೆಯನ್ನು ಬಿಟ್ಟುಬಿಡಿ. ಆಫೀಸಿಗೂ ಅದು ಬೇಕಾಗಿಲ್ಲ. ಈ ಪ್ರತಿ ಆಫೀಸಿಗೆ ಮತ್ತು ನನ್ನ ಮನೆಯ ಫೈಲಿಗೆ ಹೊರತು ಬೇರೆಲ್ಲಿಗಾದರೂ ಕೊಡಬೇಕಾಗಿ ಬಂದರೆ ಮೊದಲು ನಿಮಗೆ ಹೇಳುತ್ತೇನೆ.

ನೀವು ಅಂಗಡಿಗೆ ಹೋಗಿ ಬರುವ ಅಗತ್ಯವೂ ಇಲ್ಲ. ಶನಿವಾರ, ಅಂದರೆ ಜನವರಿ 11ರ ಸಂಜೆ ಆರರ ನಂತರ, ಇಲ್ಲವೇ ಭಾನುವಾರ ಬೆಳಿಗ್ಗೆ ನಾನೇ ಕೆಳಗೆ ಬರುತ್ತೇನೆ. ನಿಮ್ಮ ಎದುರಿಗೇ ಕೂತು ಫೋನಿನಲ್ಲಿ ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿಕೊಂಡು, ಪತ್ರವನ್ನು ನಿಮ್ಮ ಕೈಗೇ ಕೊಟ್ಟು ಹೋಗುತ್ತೇನೆ. ಹತ್ತು ನಿಮಿಷದ ಕೆಲಸ. ಅದೇ ಸ್ಕ್ಯಾನ್ ನಿಮಗೂ ಕಳಿಸುತ್ತೇನೆ, ಕರಡಿನ ಬದಲು ಅದೇ ನಿಮ್ಮ ಫೋನಿನಲ್ಲೂ ಇರಲಿ. ಆ ಎರಡು ದಿನ ಆಗದಿದ್ದರೆ ಮುಂದಿನ ಭಾನುವಾರ, ಜನವರಿ 19ರೊಳಗೆ ನಿಮಗೆ ಅನುಕೂಲವಾದ ಹೊತ್ತು ತಿಳಿಸಿ. 24ಕ್ಕೆ ಆಫೀಸಿನ ಗಡುವು ಇರುವುದರಿಂದ ಅದಕ್ಕಿಂತ ತಡವಾದರೆ ನನಗೆ ಕಷ್ಟವಾಗುತ್ತದೆ.

ಒಂದು ವೇಳೆ ಫೈಲ್ ಎಲ್ಲಿಟ್ಟಿರೋ ಸಿಗುತ್ತಿಲ್ಲ ಎಂದಾದರೆ ದಯವಿಟ್ಟು ಹಾಗೆಂದೇ ಹೇಳಿಬಿಡಿ. ಕಾಗದ ಕಳೆದುಹೋಗುವುದು ಯಾರ ಮನೆಯಲ್ಲಾದರೂ ಆಗಬಹುದು, ಅದಕ್ಕೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆಗ ಅದೇ ಷರತ್ತುಗಳನ್ನು ಮತ್ತೆ ಬರೆಸಿ, ಬಾಡಿಗೆ ಶುರುವಾದ ದಿನ 10 ಜೂನ್ 2024 ಎಂದೇ ಕಾಣಿಸಿ, ಹೊಸದಾಗಿ ಸಹಿ ಹಾಕುವ ದಿನವನ್ನು ಇದ್ದ ಹಾಗೆ ಬರೆದು, ಈ ಸಲ ಎರಡು ಮೂಲಪ್ರತಿ ಮಾಡೋಣ. ಬರೆಸುವ ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ. ಹಿಂದಿನ ದಿನಾಂಕ ಹಾಕಿ ಸಹಿ ಮಾಡುವುದು ಮಾತ್ರ ಬೇಡ, ಅದರಿಂದ ಇಬ್ಬರಿಗೂ ತೊಂದರೆ.

ಪತ್ರದಲ್ಲಿ ಏನಿದೆ ಎಂದು ನನಗೆ ನೆನಪಿರುವುದನ್ನೂ ಇಲ್ಲಿ ಬರೆದಿಡುತ್ತೇನೆ. ಅವಧಿ 10 ಜೂನ್ 2024ರಿಂದ 9 ಜೂನ್ 2026ರವರೆಗೆ ಎರಡು ವರ್ಷ. ಬಾಡಿಗೆ ಪ್ರತಿ ತಿಂಗಳ 5ರೊಳಗೆ. ಮೊದಲ ವರ್ಷ ಮುಗಿದ ಮೇಲೆ ಶೇ 5ರಷ್ಟು ಏರಿಕೆ. ನೀರಿನ ಖರ್ಚು ಬಾಡಿಗೆಯಲ್ಲೇ ಸೇರಿದೆ, ಕರೆಂಟ್ ಬಿಲ್ ಮೀಟರಿನಂತೆ ನನ್ನದು. ನೋಟಿಸ್ ಯಾರು ಕೊಟ್ಟರೂ ಎರಡು ತಿಂಗಳು. ಖಾಲಿ ಮಾಡಿ ಬೀಗದ ಕೈ ಒಪ್ಪಿಸಿದ 15 ದಿನದೊಳಗೆ ಮುಂಗಡ ವಾಪಸ್. ಇದರಲ್ಲಿ ಯಾವುದಾದರೂ ಪತ್ರದಲ್ಲಿ ಬೇರೆ ರೀತಿ ಇದ್ದರೆ ಪತ್ರದಲ್ಲಿರುವುದೇ ಸರಿ, ನನ್ನ ನೆನಪು ತಪ್ಪು ಎಂದು ಒಪ್ಪುತ್ತೇನೆ. ಆ ಹಾಳೆ ನನ್ನ ಕಣ್ಣಿಗೆ ಬೀಳಬೇಕು, ಅಷ್ಟೇ.

ಜನವರಿ ತಿಂಗಳ ಬಾಡಿಗೆಯನ್ನು 3ನೇ ತಾರೀಖು ಕಳಿಸಿದ್ದೇನೆ. ಈ ವಿಷಯ ಇತ್ಯರ್ಥವಾಗುವ ತನಕ ಬಾಡಿಗೆ ತಡೆಹಿಡಿಯುವಂಥ ಯೋಚನೆ ನನಗಿಲ್ಲ, ಮುಂದೆಯೂ ಎಂದಿನಂತೆ ಕಳಿಸುತ್ತೇನೆ.

ಈ ಪತ್ರ ತಲುಪಿದ್ದಕ್ಕೆ ವಾಟ್ಸಾಪ್‌ನಲ್ಲಿ "ಸಿಕ್ಕಿತು" ಎಂದು ಒಂದು ಮಾತು ಹಾಕಿ, ಯಾವ ಹೊತ್ತಿಗೆ ಬರಲಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಶನಿವಾರ ಮೇಡಂ ಊರಿನಲ್ಲಿರುವುದಿಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಬೀರುವಿನ ಬೀಗದ ಕೈ ಅವರ ಬಳಿ ಇದ್ದರೆ ಭಾನುವಾರವೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೊದಲ ಮಹಡಿಯ ಬಾಡಿಗೆದಾರ